ಪಹಣಿಯಲ್ಲಿ ದೊಡ್ಡಪ್ಪನ ತಂದೆ ಹೆಸರು ತಪ್ಪಾಗಿದೆ: ತಹಶೀಲ್ದಾರರಿಗೆ ಬರೆದ ಅರ್ಜಿ ವಾಪಸ್ ಬಂತು, ಆಫೀಸಿನ ಭಾಷೆಗೆ ಹೇಗೆ ತರಬೇಕು?

ಕೊಪ್ಪಳ_ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ ಹೊಲದ ಪಹಣಿಯಲ್ಲಿ ಅವರ ತಂದೆಯ ಹೆಸರು ತಪ್ಪಾಗಿ ಬಂದಿದೆ. ಆಧಾರ್‌ನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು. ಅದಕ್ಕೆ ಸೊಸೈಟಿಯಲ್ಲಿ ಬೆಳೆ ಸಾಲ ನಿಂತಿದೆ. ನಾನೇ ಒಂದು ಅರ್ಜಿ ಬರೆದುಕೊಂಡು ಹೋದೆ. ಅಲ್ಲಿ ಕೂತವರು ಎರಡು ಸಾಲು ಓದಿ, "ಇದು ಅರ್ಜಿ ಅಲ್ಲ, ಕಾಗದ. ಸರಿಯಾಗಿ ಬರೆದುಕೊಂಡು ಬಾ" ಅಂದರು. ಏನು ಸರಿ ಇಲ್ಲ ಅಂತ ಹೇಳಲಿಲ್ಲ. ಹೆಸರು ಬದಲಿಸಿ ಇಲ್ಲಿ ಹಾಕುತ್ತಿದ್ದೇನೆ:

"ತಹಶೀಲ್ದಾರ್ ಸಾಹೇಬರಿಗೆ ನಮಸ್ಕಾರಗಳು. ನಮ್ಮ ದೊಡ್ಡಪ್ಪನ ಹೆಸರು ದೇವಪ್ಪ. ಅವರ ಹೊಲ ನಮ್ಮ ಊರಲ್ಲೇ ಇದೆ. ಕಂಪ್ಯೂಟರ್‌ನವರು ಪಹಣಿಯಲ್ಲಿ ಅವರ ತಂದೆ ಹೆಸರು ತಪ್ಪು ಹೊಡೆದಿದ್ದಾರೆ. ಭರಮಪ್ಪ ಅಂತ ಇರಬೇಕು, ಭೀಮಪ್ಪ ಅಂತ ಬಂದಿದೆ. ಇದರಿಂದ ಸೊಸೈಟಿಯಲ್ಲಿ ಸಾಲ ಕೊಡುತ್ತಿಲ್ಲ. ಮೂರು ಸಲ ಬಂದು ಹೋಗಿದ್ದೇವೆ, ಯಾರೂ ಕೇಳುತ್ತಿಲ್ಲ. ದೊಡ್ಡಪ್ಪನಿಗೆ ಮೊಣಕಾಲು ನೋವು, ಓಡಾಡೋಕೆ ಆಗಲ್ಲ. ದಯವಿಟ್ಟು ಹೆಸರು ಬದಲಾವಣೆ ಮಾಡಿ ಕೊಡಬೇಕು."

ಕೆಳಗೆ ನನ್ನ ಸಹಿ ಹಾಕಿದ್ದೆ. ಇದನ್ನು ಆಫೀಸಿನ ಭಾಷೆಗೆ ಹೇಗೆ ತರುವುದು? ತಿಳಿದವರು ಹೇಳಿ.

ಕಾರಟಗಿ_ಭತ್ತ

ಚೆನ್ನಾಗೇ ಇದೆಯಲ್ಲ? ಓದಿದ ಕೂಡಲೇ ವಿಷಯ ತಿಳಿಯುತ್ತದೆ. ವಾಪಸ್ ಕೊಟ್ಟಿದ್ದು ಸರಿ ಅಲ್ಲ.

ಸಿಂಧನೂರು_ಗೌಡ

ತಮ್ಮಾ, ಆಫೀಸಿಗೆ ಹೀಗೆ ಮಾತಾಡಿದ ಹಾಗೆ ಬರೆದರೆ ಬೆಲೆ ಕೊಡುವುದಿಲ್ಲ. ಭಾಷೆ ತೂಕ ಇರಬೇಕು. ಹೀಗೆ ಬರಿ:

"ತಮ್ಮ ಘನ ಸನ್ನಿಧಾನಕ್ಕೆ ಶಿರಸಾಷ್ಟಾಂಗ ನಮಸ್ಕಾರಗಳೊಂದಿಗೆ ವಿನಮ್ರಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ಜಮೀನಿನ ಹಕ್ಕುದಾರರಾದ ಮಜಕೂರ ದೇವಪ್ಪ ಇವರ ನಾಮಧೇಯವನ್ನು ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ ಕಲಂ 136ರ ಪ್ರಕಾರ ಬದಲಾವಣೆ ಮಾಡಿ ತಮ್ಮ ಕೃಪಾಕಟಾಕ್ಷ ತೋರಬೇಕಾಗಿ ಪ್ರಾರ್ಥನೆ."

ಕಲಂ ನಂಬರ್ ಹಾಕು, ಅದು ಮುಖ್ಯ. ಕಾಯ್ದೆ ಗೊತ್ತಿದೆ ಅಂತ ತಿಳಿದರೆ ಬೇಗ ಕೆಲಸ ಆಗುತ್ತದೆ. ನಮ್ಮ ಕಡೆ ಎಲ್ಲರೂ ಹೀಗೇ ಬರೆಸುತ್ತಾರೆ.

ಮಾನ್ವಿ_ಅಕ್ಕ

ನಮ್ಮದೂ ಇದೇ ಗೋಳು. ಯಜಮಾನರು ತೀರಿಕೊಂಡು ಎರಡು ವರ್ಷ ಆಯಿತು, ಪೌತಿ ಖಾತೆ ಇನ್ನೂ ಆಗಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲಾ ಕೊಟ್ಟಿದ್ದೇನೆ. ಮೈದುನ ಒಬ್ಬ ಪುಣೆಯಲ್ಲಿದ್ದಾನೆ, ಸಹಿ ಹಾಕಲು ಬರುವುದಿಲ್ಲ. ನಿಮ್ಮ ದೊಡ್ಡಪ್ಪನ ವಂಶವೃಕ್ಷ ಮಾಡಿಸಿದ್ದೀರಾ ಮೊದಲು?

ಕೊಪ್ಪಳ_ಹುಡುಗ

ಅಕ್ಕಾ, ದೊಡ್ಡಪ್ಪ ಚೆನ್ನಾಗಿದ್ದಾರೆ, 71 ವರ್ಷ. ಹೊಲ ಅವರ ಹೆಸರಲ್ಲೇ ಇದೆ. ಅವರ ತಂದೆಯ ಹೆಸರು ಮಾತ್ರ ತಪ್ಪು.

ಮಾನ್ವಿ_ಅಕ್ಕ

ಅಯ್ಯೋ ಸಾರಿ ತಮ್ಮಾ, ಪೌತಿ ಅಂದುಕೊಂಡೆ. ನೂರು ವರ್ಷ ಬಾಳಲಿ.

ರಾಯಚೂರು_ನಿವೃತ್ತ

ಅಕ್ಕನವರು ಪೌತಿ ಅಂದುಕೊಂಡದ್ದು ಸುಮ್ನೆ ಅಲ್ಲ. ಅರ್ಜಿಯ ಕೊನೆಯಲ್ಲಿ "ಹೆಸರು ಬದಲಾವಣೆ ಮಾಡಿ" ಅಂತ ಇದೆ. ನಾನು ಕಂದಾಯ ಇಲಾಖೆಯಲ್ಲಿ ಇದ್ದವನು, ಹೆಚ್ಚು ಕಾಲ ಕೂತದ್ದು ಜಮೀನು ಶಾಖೆಯಲ್ಲೇ. "ಬದಲಾವಣೆ" ಅಂದರೆ ನಮ್ಮ ಮೇಜಿನ ಮೇಲೆ ಅದಕ್ಕೆ ಒಂದೇ ಅರ್ಥ: ಜಮೀನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋಗಬೇಕು. ಖರೀದಿ, ವಾಟ್ನಿ, ದಾನ, ಪೌತಿ, ಯಾವುದೋ ಒಂದು ಇರಬೇಕು. ಅದಕ್ಕೆ ಬೇರೆ ದಾಖಲೆ, ಬೇರೆ ನೋಟಿಸು, ಬೇರೆ ದಾರಿ. ನಿಮಗೆ ಬೇಕಾದದ್ದು "ತಿದ್ದುಪಡಿ". ಮಾಲೀಕ ಅವನೇ, ಹಕ್ಕು ಅದೇ, ಬರೆದದ್ದು ಮಾತ್ರ ತಪ್ಪು. ಈ ಒಂದು ಪದ ಬದಲಾದರೆ ಕಾಗದ ಬೇರೆ ಮೇಜಿಗೆ ಹೋಗುತ್ತದೆ.

ಆಫೀಸಿನ ಭಾಷೆ ಅಂದರೆ ದೊಡ್ಡ ಪದ ಹಾಕುವುದಲ್ಲ, ಸರಿಯಾದ ಪದ ಹಾಕುವುದು. ಗೌಡರು ಬರೆದದ್ದರಲ್ಲಿ ತೂಕ ಬಹಳ ಇದೆ, ಆದರೆ ಸರ್ವೆ ನಂಬರ್ ಇಲ್ಲ, ಊರು ಇಲ್ಲ, ಯಾವ ಹೆಸರು ತಪ್ಪು, ಯಾವುದು ಸರಿ, ಅದೂ ಇಲ್ಲ. ಹುಡುಗನ ಕಾಗದದಲ್ಲಿ ಕೊನೆಯ ಎರಡಾದರೂ ಇದ್ದವು.

ಇನ್ನು ಕಲಂ 136. ಅದು ಮೇಲ್ಮನವಿಯ ಕಲಂ. 136(2) ಅಂದರೆ ಮ್ಯುಟೇಶನ್ ಆದೇಶ, ಅಂದರೆ ಹಕ್ಕು ಬದಲಾವಣೆಯ ಆದೇಶ, ಒಪ್ಪಿಗೆ ಇಲ್ಲದವರು ಉಪವಿಭಾಗಾಧಿಕಾರಿಗಳ ಹತ್ತಿರ ಹೋಗುವುದು. 136(3) ಜಿಲ್ಲಾಧಿಕಾರಿಗಳದ್ದು. ತಹಶೀಲ್ದಾರರಿಗೆ ಕೊಡುವ ಅರ್ಜಿಯಲ್ಲಿ ಅದನ್ನು ಬರೆದರೆ "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅಂತ ಹಿಂಬರಹ ಕೊಡಲು ನೀವೇ ದಾರಿ ಮಾಡಿಕೊಟ್ಟ ಹಾಗೆ.

ತಮ್ಮಾ, ಬರೆಯುವ ಮೊದಲು ನಾಲ್ಕು ಪ್ರಶ್ನೆ. ಸರ್ವೆ ನಂಬರ್ ಎಷ್ಟು? ಪಹಣಿಯ 9ನೇ ಕಾಲಂನಲ್ಲಿ ಇರುವ ಹಾಗೇ ಹೆಸರು ಏನು? 10ನೇ ಕಾಲಂನಲ್ಲಿ ಯಾವ ಎಂ.ಆರ್. ನಂಬರ್, ಅಂದರೆ ಮ್ಯುಟೇಶನ್ ರಿಜಿಸ್ಟರಿನ ನಂಬರ್, ಇದೆ? ಕಂಪ್ಯೂಟರ್ ಬರುವ ಮೊದಲಿನ ಕೈಬರಹದ ಪಹಣಿ ನಿಮ್ಮ ಹತ್ತಿರ ಇದೆಯಾ? ನಾಲ್ಕನೆಯದ್ದೇ ಎಲ್ಲಕ್ಕಿಂತ ಮುಖ್ಯ.

ಸಿಂಧನೂರು_ಗೌಡ

ಸರ್, ನಮ್ಮ ಸಂಬಂಧಿಕರ ಅರ್ಜಿಯಲ್ಲಿ 136 ಅಂತ ಬರೆದಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ, ಕೆಲಸವೂ ಆಯಿತು.

ರಾಯಚೂರು_ನಿವೃತ್ತ

ಆ ಅರ್ಜಿ ಯಾರ ಹೆಸರಿಗೆ ಬರೆದದ್ದು ನೋಡಿ ಹೇಳಿ. ಉಪವಿಭಾಗಾಧಿಕಾರಿಗಳಿಗೆ ಇದ್ದರೆ ನೀವು ಹೇಳಿದ್ದೂ ಸರಿ, ನಾನು ಹೇಳಿದ್ದೂ ಸರಿ.

ಬಳ್ಳಾರಿ_ಟೈಪಿಂಗ್

ನನ್ನದು ಕೋರ್ಟ್ ಹತ್ತಿರ ಟೈಪಿಂಗ್ ಅಂಗಡಿ. ದಿನಕ್ಕೆ ಹತ್ತಾರು ಅರ್ಜಿ ಹೊಡೆಯುತ್ತೇನೆ. ಎಲ್ಲರೂ ಮಾಡುವ ಒಂದು ತಪ್ಪು ಹೇಳುತ್ತೇನೆ. ಮೇಲೆ "ಗೆ," ಅಂತ ಹಾಕಿ ಕೆಳಗೆ ಮತ್ತೆ "ತಹಶೀಲ್ದಾರರವರಿಗೆ" ಅಂತ ಬರೆಯುತ್ತಾರೆ. "ಗೆ" ಎರಡು ಸಲ ಆಯಿತಲ್ಲ? "ಗೆ," ಹಾಕಿದರೆ ಕೆಳಗೆ "ಮಾನ್ಯ ತಹಶೀಲ್ದಾರರು," ಅಷ್ಟೇ. "ಗೆ" ಬೇಡ ಅಂದರೆ "ಮಾನ್ಯ ತಹಶೀಲ್ದಾರರಿಗೆ" ಅಂತ ಒಂದೇ ಸಾಲು. "ರವರಿಗೆ" ಅನ್ನುವುದನ್ನು ನಾನು ಹೊಡೆಯುವುದನ್ನೇ ಬಿಟ್ಟಿದ್ದೇನೆ. ಗಿರಾಕಿ ಹಟ ಹಿಡಿದರೆ ಮಾತ್ರ ಹಾಕುತ್ತೇನೆ.

ಇನ್ನೊಂದು. ಬೆಂಗಳೂರು ಕಡೆಯ ನಮೂನೆ ಇಂಟರ್‌ನೆಟ್‌ನಿಂದ ತೆಗೆದುಕೊಂಡು ಬರುತ್ತಾರೆ. ಅದರಲ್ಲಿ "ದೇವಪ್ಪ ಬಿನ್ ಭರಮಪ್ಪ", ಹೆಂಗಸರಾದರೆ "ಕೋಂ" ಅಂತ ಇರುತ್ತದೆ. ನಮ್ಮ ಕಡೆ ಪಹಣಿಯಲ್ಲಿ "ದೇವಪ್ಪ ತಂದೆ ಭರಮಪ್ಪ", "ಶಾಂತಮ್ಮ ಗಂಡ ಬಸಪ್ಪ" ಅಂತ ಇರುತ್ತದೆ. ಪಹಣಿಯಲ್ಲಿ ಹೇಗಿದೆಯೋ ಹಾಗೇ ಅರ್ಜಿಯಲ್ಲೂ ಬರೀರಿ. ಹೆಸರಿನ ತಪ್ಪು ಸರಿಪಡಿಸಲು ಹೋಗಿ ಅರ್ಜಿಯಲ್ಲಿ ಮೂರನೇ ತರಹದ ಹೆಸರು ಹುಟ್ಟಬಾರದು.

ಸಂಡೂರು_ಸಿರಿ

ತಂದೆ/ಗಂಡ ಅಂತ ಬರೆಯುವುದೇ ಚೆಂದ. ಓದಿದ ಕೂಡಲೇ ಯಾರು ಏನಾಗಬೇಕು ಅಂತ ತಿಳಿಯುತ್ತದೆ. "ಬಿನ್" ಅಂದರೆ ಏನು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಕಾರಟಗಿ_ಭತ್ತ

ನಮ್ಮ ಅಜ್ಜನ ಕಾಲದ ಕಾಗದ ಪೂರ್ತಿ ಉರ್ದುವಿನಲ್ಲಿದೆ. ನಿಜಾಮರ ಕಾಲದ್ದು. ಅದರಿಂದ ಬಂದ ಪದಗಳೇ ಇವೆಲ್ಲ ಅಲ್ವಾ? ಪಟ್ಟಾದಾರ, ಕಬ್ಜಾ, ಸಾಕಿನ್.

ರಾಯಚೂರು_ನಿವೃತ್ತ

ಪಟ್ಟಾದಾರ, ಕಬ್ಜಾ ನಮ್ಮ ಕಡೆ ಇನ್ನೂ ಬಾಯಲ್ಲಿವೆ. ವಿಳಾಸಕ್ಕೆ "ಸಾ:" ಅಂತ ಬರೆಯುತ್ತೇವಲ್ಲ, ಅದು ಸಾಕಿನ್‌ದೇ. ರಾಯಚೂರು, ಕೊಪ್ಪಳ ಹೈದರಾಬಾದ್ ಸಂಸ್ಥಾನದಲ್ಲಿದ್ದವು, ಬಳ್ಳಾರಿ ಮದ್ರಾಸ್ ಆಡಳಿತದಲ್ಲಿತ್ತು. ಅದಕ್ಕೇ ಒಂದೇ ವಸ್ತುವಿಗೆ ಎರಡು ಹೆಸರು. ಬಳ್ಳಾರಿಯ ಹಿರಿಯರು ಅಡಂಗಲ್ ಅಂದರೆ ನಮ್ಮ ಹಿರಿಯರು ಪಹಣಿ ಅಂತಾರೆ. ನಮ್ಮಲ್ಲಿ ಹಕ್ಕಿನ ತಕರಾರು ಬಂದರೆ 1954-55ರ ಖಾಸ್ರಾ ಪಹಣಿ ತೆಗೆಸುತ್ತಾರೆ. ಈ ಹುಡುಗನಿಗೆ ಅಷ್ಟು ಹಿಂದೆ ಹೋಗುವ ಅವಶ್ಯಕತೆ ಇಲ್ಲ.

ಕೊಪ್ಪಳ_ಹುಡುಗ

ಸರ್, ಮನೆಯ ಟ್ರಂಕ್ ಪೂರ್ತಿ ತೆಗೆದು ನೋಡಿದೆ. ಎರಡು ಸರ್ವೆ ನಂಬರ್ ಇವೆ, 84/2 ಮತ್ತು 91/1. ಎರಡರಲ್ಲೂ 9ನೇ ಕಾಲಂನಲ್ಲಿ "ದೇವಪ್ಪ ತಂದೆ ಭೀಮಪ್ಪ" ಅಂತ ಇದೆ. 10ನೇ ಕಾಲಂನಲ್ಲಿ 84/2ಕ್ಕೆ ವಾರಸಾ ಅಂತ, 91/1ಕ್ಕೆ ವಾಟ್ನಿ ಅಂತ ಇದೆ, ಎಂ.ಆರ್. ನಂಬರ್ ಬೇರೆ ಬೇರೆ.

84/2ರ 1998-99ನೇ ಸಾಲಿನ ಕೈಬರಹದ ಪಹಣಿಯ ಜೆರಾಕ್ಸ್ ಸಿಕ್ಕಿದೆ. ಅದರಲ್ಲಿ ಭರಮಪ್ಪ ಅಂತಲೇ ಇದೆ! ಆದರೆ ರ ಮತ್ತು ಮ ಅಂಟಿಕೊಂಡಿವೆ. ಅವಸರದಲ್ಲಿ ನೋಡಿದರೆ ಭೀಮಪ್ಪ ಅಂತಲೇ ಓದಬಹುದು. 91/1ರದ್ದು ಸಿಗಲಿಲ್ಲ.

ರಾಯಚೂರು_ನಿವೃತ್ತ

ಬಹಳ ಒಳ್ಳೆಯದಾಯಿತು. ಭೂಮಿ ಯೋಜನೆಯಲ್ಲಿ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಇಂಥ ತಪ್ಪು ಎಷ್ಟೋ ಆಗಿವೆ. ಈಗ ನಿಮ್ಮ ಅರ್ಜಿಗೆ ಬೆನ್ನೆಲುಬು ಬಂತು. "ಕಂಪ್ಯೂಟರ್‌ನವರು ತಪ್ಪು ಹೊಡೆದಿದ್ದಾರೆ" ಅಂದರೆ ದೂರು. "ಕೈಬರಹದ ಪಹಣಿಯಲ್ಲಿ ಭರಮಪ್ಪ ಎಂದಿದ್ದು, ಗಣಕೀಕೃತ ಪಹಣಿಯಲ್ಲಿ ಭೀಮಪ್ಪ ಎಂದು ನಮೂದಾಗಿದೆ" ಅಂದರೆ ಪುರಾವೆ. ಯಾರ ಮೇಲೂ ಬೊಟ್ಟು ಮಾಡಿಲ್ಲ, ಆದರೆ ತಪ್ಪು ಎಲ್ಲಿ ಹುಟ್ಟಿತು ಅಂತ ಓದುವವರಿಗೆ ತಾನೇ ಕಾಣುತ್ತದೆ. ಆಫೀಸಿನ ಬರವಣಿಗೆಯಲ್ಲಿ ಮಾಡಿದವರ ಹೆಸರು ಬಿಡುವುದು ಇದಕ್ಕೇ. ಆ ಮೇಜಿನಲ್ಲಿ ಈಗ ಕೂತವರು ಆ ತಪ್ಪು ಮಾಡಿಲ್ಲ. ಅವರ ಮೇಲೆ ಹಾಕಿದರೆ ಅವರು ಮೊದಲು ತಮ್ಮನ್ನು ಕಾಯ್ದುಕೊಳ್ಳುತ್ತಾರೆ, ಆಮೇಲೆ ನಿಮ್ಮ ಕೆಲಸ.

ಜೆರಾಕ್ಸ್ ಸಾಲದು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ದೃಢೀಕೃತ ನಕಲು ತೆಗೆಸಿ. ಆ ಎಂ.ಆರ್. ನಕಲನ್ನೂ ತೆಗೆಸಿ. 91/1ನ್ನು ಈಗ ಸೇರಿಸಬೇಡಿ. ಅದರ ಕೈಬರಹದ ಪಹಣಿ ನೋಡದೆ ಅಲ್ಲೂ ಇದೇ ತಪ್ಪು ಅಂತ ಬರೆಯಲು ಬರುವುದಿಲ್ಲ. ಒಂದರಲ್ಲಿ ತಕರಾರು ಬಂದರೆ ಎರಡೂ ನಿಲ್ಲುತ್ತವೆ.

ಈಗ ನಿಮ್ಮ ಕಾಗದದ ಒಂದೊಂದು ವಾಕ್ಯ ನೋಡೋಣ.

"ನಮ್ಮ ದೊಡ್ಡಪ್ಪನ ಹೆಸರು ದೇವಪ್ಪ." ಅರ್ಜಿದಾರರು ನೀವಲ್ಲ, ಅವರು. ಖಾತೆದಾರರೇ "ನಾನು" ಅಂತ ಬರೆಯಬೇಕು, ಅವರೇ ಸಹಿ ಹಾಕಬೇಕು. ವಾಪಸ್ ಬರಲು ಇದೊಂದೇ ಸಾಕಿತ್ತು.

"ಅವರ ಹೊಲ ನಮ್ಮ ಊರಲ್ಲೇ ಇದೆ." ಇಲ್ಲಿ ಗ್ರಾಮ, ಹೋಬಳಿ, ಸರ್ವೆ ನಂಬರ್, ಎಕರೆ-ಗುಂಟೆ ಬರಬೇಕು. ಓದುವವರು ಈ ಸಾಲು ಹಿಡಿದೇ ಕಂಪ್ಯೂಟರಿನಲ್ಲಿ ಪಹಣಿ ತೆಗೆಯುವುದು.

"ಮೂರು ಸಲ ಬಂದು ಹೋಗಿದ್ದೇವೆ, ಯಾರೂ ಕೇಳುತ್ತಿಲ್ಲ." ಆಗ ಬರಹದಲ್ಲಿ ಏನಾದರೂ ಕೊಟ್ಟು ಸ್ವೀಕೃತಿ ತೆಗೆದುಕೊಂಡಿದ್ದೀರಾ? ಇದ್ದರೆ ಆ ದಿನಾಂಕ "ಉಲ್ಲೇಖ"ದಲ್ಲಿ ಬರಬೇಕು. ಇಲ್ಲದಿದ್ದರೆ ಈ ವಾಕ್ಯ ತೆಗೆಯಿರಿ. ಬಾಯಲ್ಲಿ ಹೇಳಿದ್ದು ಕಡತದಲ್ಲಿ ಇರುವುದಿಲ್ಲ.

"ಸೊಸೈಟಿಯಲ್ಲಿ ಸಾಲ ಕೊಡುತ್ತಿಲ್ಲ." ಒಂದು ವಾಕ್ಯ ಇರಲಿ. ಅವಸರ ಯಾಕೆ ಅಂತ ತಿಳಿಯುತ್ತದೆ. ಆದರೆ ಸೊಸೈಟಿಯ ಮೇಲೆ ದೂರು ಆಗಬಾರದು, ನಿಮಗೆ ಆದ ತೊಂದರೆ ಆಗಬೇಕು.

"ಮೊಣಕಾಲು ನೋವು." ತೆಗೆಯಿರಿ. ಪಹಣಿ ತಿದ್ದುಪಡಿಗೂ ಮೊಣಕಾಲಿಗೂ ಸಂಬಂಧ ಇಲ್ಲ.

ಯಲಬುರ್ಗಾ_ಟೀಚರ್

ಸರ್, ಉಳಿದದ್ದೆಲ್ಲ ಒಪ್ಪಿದೆ, ಮೊಣಕಾಲಿನ ಮಾತು ಒಪ್ಪಲಾರೆ. 71 ವರ್ಷದ ಹಿರಿಯರು ಪದೇ ಪದೇ ತಾಲ್ಲೂಕಿಗೆ ಬರಲು ಆಗುವುದಿಲ್ಲ ಎನ್ನುವುದು ಅರ್ಜಿಗೆ ಸಂಬಂಧ ಇಲ್ಲದ್ದು ಹೇಗೆ ಆಗುತ್ತದೆ? ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ಪತ್ರಲೇಖನವೂ ಅದರಲ್ಲೇ ಬರುತ್ತದೆ. ಮಕ್ಕಳು ತಮ್ಮ ಮಾತಿನಲ್ಲಿ ಚೆನ್ನಾಗಿ ಬರೆದದ್ದನ್ನು ಅಳಿಸಿ "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅಂತ ಬರೆಸಬೇಕು. ಪ್ರತಿ ಸಲ ಹೊಟ್ಟೆ ಉರಿಯುತ್ತದೆ. ಅರ್ಜಿ ಕೊಡುವವನಿಗೇ ತನ್ನ ಅರ್ಜಿ ಅರ್ಥ ಆಗದಿದ್ದರೆ ಅದು ಯಾರ ಅರ್ಜಿ?

ರಾಜ್ಯಭಾಷಾ ಕಾಯ್ದೆ ಬಂದದ್ದು 1963ರಲ್ಲಿ. ಕನ್ನಡ ಆಡಳಿತಕ್ಕೆ ಬಂತು, ಆದರೆ ಆಡುವ ಕನ್ನಡ ಬರಲಿಲ್ಲ.

ರಾಯಚೂರು_ನಿವೃತ್ತ

ಮೇಡಂ, ಮೊಣಕಾಲಿನ ವಿಷಯದಲ್ಲಿ ನಾನು ಅವಸರ ಮಾಡಿದೆ. ನೀವು ಹೇಳಿದ್ದರಲ್ಲಿ ಕೆಲಸಕ್ಕೆ ಬರುವ ಅಂಶ ಇದೆ. ಕನಿಕರ ಹುಟ್ಟಿಸಲು ಬರೆದರೆ ಬೇಡ. "ಓಡಾಡಲು ಆಗದ ಕಾರಣ ನನ್ನ ಪರವಾಗಿ ನನ್ನ ತಮ್ಮನ ಮಗ ಹಾಜರಾಗುತ್ತಾನೆ" ಅಂತ ಬರೆದರೆ ಅದು ಕಾರಣ ಆಯಿತು. ಅದಕ್ಕೆ ಒಂದು ಅಧಿಕಾರ ಪತ್ರ ಜೊತೆಗಿಡಬೇಕು. ಆಗ ಹುಡುಗ ಹೋಗಿ ಕೇಳಿದರೆ "ನೀನು ಯಾರು" ಅನ್ನುವುದಿಲ್ಲ.

"ವಿನಂತಿಸಿಕೊಳ್ಳುವುದೇನೆಂದರೆ" ಇರಲಿ ಬಿಡಲಿ, ಅದರಿಂದ ಕೆಲಸ ನಿಲ್ಲುವುದಿಲ್ಲ. ಆದರೆ "ತಿದ್ದುಪಡಿ", "ದೃಢೀಕೃತ ನಕಲು", "ನಮೂದು" ಇವನ್ನು ಬಿಟ್ಟು ಸರಳ ಪದ ಹಾಕಿ ಅಂದರೆ ನಾನು ಒಪ್ಪುವುದಿಲ್ಲ. ಇವು ಅಲಂಕಾರ ಅಲ್ಲ, ಕೆಲಸದ ಹೆಸರುಗಳು.

ಯಲಬುರ್ಗಾ_ಟೀಚರ್

ಅದು ಸರಿ. ಬಡಗಿಗೆ ಉಳಿ ಅಂತಲೇ ಕೇಳಬೇಕು, ಚೂಪು ಕಬ್ಬಿಣ ಅಂತ ಕೇಳಿದರೆ ಆಗದು. ನನ್ನ ಜಗಳ ಉಳಿದ ಪದಗಳ ಮೇಲೆ.

ಬಳ್ಳಾರಿ_ಟೈಪಿಂಗ್

ಟೀಚರ್ ಅಕ್ಕಾ, ಅಂಗಡಿಗೆ ಬರುವವರು ತಾವೇ "ಇನ್ನೊಂದಿಷ್ಟು ದೊಡ್ಡ ಪದ ಹಾಕವ್ವ" ಅಂತ ಕೇಳುತ್ತಾರೆ. ಸಣ್ಣದಾಗಿ ಬರೆದರೆ ಕೊಟ್ಟ ದುಡ್ಡಿಗೆ ಬೆಲೆ ಇಲ್ಲ ಅನ್ನಿಸುತ್ತದೆ ಅವರಿಗೆ. ಒಂದು ಪುಟ ತುಂಬಿರಬೇಕು.

ರಾಯಚೂರು_ನಿವೃತ್ತ

ತಮ್ಮಾ, ಇಲ್ಲಿದೆ. ಖಾಲಿ ಜಾಗ ತುಂಬಿಕೊಳ್ಳಿ.

ಗೆ,
ಮಾನ್ಯ ತಹಶೀಲ್ದಾರರು,
ತಾಲ್ಲೂಕು ಕಚೇರಿ, ..........

ಅರ್ಜಿದಾರರು: ದೇವಪ್ಪ ತಂದೆ ಭರಮಪ್ಪ, ವಯಸ್ಸು 71 ವರ್ಷ, ಉದ್ಯೋಗ: ಒಕ್ಕಲುತನ, ಸಾ: .........., ಹೋಬಳಿ: .........., ಮೊಬೈಲ್: ..........

ವಿಷಯ: .......... ಗ್ರಾಮದ ಸರ್ವೆ ನಂಬರ್ 84/2ರ ಪಹಣಿಯ ಕಾಲಂ 9ರಲ್ಲಿ ತಪ್ಪಾಗಿ ನಮೂದಾಗಿರುವ ನನ್ನ ತಂದೆಯ ಹೆಸರನ್ನು ತಿದ್ದುಪಡಿ ಮಾಡಿಕೊಡುವಂತೆ ಕೋರಿ.

ಉಲ್ಲೇಖ: 1) 1998-99ನೇ ಸಾಲಿನ ಕೈಬರಹದ ಪಹಣಿ. 2) ಎಂ.ಆರ್. ಸಂಖ್ಯೆ ..........

ಮಾನ್ಯರೇ,

.......... ಗ್ರಾಮದ ಸರ್ವೆ ನಂಬರ್ 84/2, ಕ್ಷೇತ್ರ ..... ಎಕರೆ ..... ಗುಂಟೆ ಜಮೀನು ವಾರಸಾ ಮೂಲಕ ನನ್ನ ಹೆಸರಿಗೆ ದಾಖಲಾಗಿದ್ದು, ನಾನೇ ಸಾಗುವಳಿ ಮಾಡುತ್ತಿದ್ದೇನೆ.

ಸದರಿ ಜಮೀನಿನ 1998-99ನೇ ಸಾಲಿನ ಕೈಬರಹದ ಪಹಣಿಯಲ್ಲಿ ನನ್ನ ಹೆಸರು "ದೇವಪ್ಪ ತಂದೆ ಭರಮಪ್ಪ" ಎಂದು ಸರಿಯಾಗಿದೆ. ಆದರೆ ಈಗಿನ ಗಣಕೀಕೃತ ಪಹಣಿಯ ಕಾಲಂ 9ರಲ್ಲಿ "ದೇವಪ್ಪ ತಂದೆ ಭೀಮಪ್ಪ" ಎಂದು ತಪ್ಪಾಗಿ ನಮೂದಾಗಿರುತ್ತದೆ. ನನ್ನ ಆಧಾರ್ ಮತ್ತು ಇತರ ದಾಖಲೆಗಳಲ್ಲಿ ತಂದೆಯ ಹೆಸರು ಭರಮಪ್ಪ ಎಂದೇ ಇರುತ್ತದೆ. ಈ ವ್ಯತ್ಯಾಸದಿಂದ ಬೆಳೆ ಸಾಲ ಪಡೆಯಲು ನನಗೆ ತೊಂದರೆಯಾಗಿದೆ.

ಆದ್ದರಿಂದ ಲಗತ್ತಿಸಿದ ದಾಖಲೆಗಳನ್ನು ಪರಿಶೀಲಿಸಿ, ಕಾಲಂ 9ರಲ್ಲಿ "ಭೀಮಪ್ಪ" ಎಂದಿರುವುದನ್ನು "ಭರಮಪ್ಪ" ಎಂದು ತಿದ್ದುಪಡಿ ಮಾಡಿಕೊಡಬೇಕೆಂದು ಕೋರುತ್ತೇನೆ. ವಯೋಸಹಜ ಅನಾರೋಗ್ಯದ ಕಾರಣ ನನ್ನ ಪರವಾಗಿ ಹಾಜರಾಗಲು ನನ್ನ ತಮ್ಮನ ಮಗನಿಗೆ ಅಧಿಕಾರ ಪತ್ರ ನೀಡಿದ್ದೇನೆ.

ಸ್ಥಳ, ದಿನಾಂಕ, ಇಂತಿ ತಮ್ಮ ವಿಶ್ವಾಸಿ, ಸಹಿ.

ಕೆಳಗೆ ಲಗತ್ತುಗಳು: ಕೈಬರಹದ ಪಹಣಿಯ ದೃಢೀಕೃತ ನಕಲು, ಎಂ.ಆರ್. ನಕಲು, ಈಗಿನ ಪಹಣಿ, ಆಧಾರ್ ಪ್ರತಿ, ಅಧಿಕಾರ ಪತ್ರ. ಅಫಿಡವಿಟ್ ಕೇಳಿದರೆ ಆಮೇಲೆ ಕೊಡಿ.

ಗಮನಿಸಿ, ತಪ್ಪು ಹೆಸರು ಮತ್ತು ಸರಿ ಹೆಸರು ಎರಡನ್ನೂ ಉದ್ಧರಣ ಚಿಹ್ನೆಯೊಳಗೆ ಹಾಕಿದ್ದೇನೆ. ಕೋರಿಕೆಯ ಸಾಲಿನಲ್ಲಿ ಮತ್ತೊಮ್ಮೆ ಬರೆದಿದ್ದೇನೆ. ಆದೇಶ ಬರೆಯುವವರು ಆ ಸಾಲನ್ನೇ ಎತ್ತಿಕೊಳ್ಳುತ್ತಾರೆ. ಅಲ್ಲಿ "ಸರಿಪಡಿಸಿಕೊಡಿ" ಅಂತ ಮಾತ್ರ ಇದ್ದರೆ ಇನ್ನೊಂದು ತಪ್ಪಿಗೆ ಜಾಗ ಆಗುತ್ತದೆ.

ಯಲಬುರ್ಗಾ_ಟೀಚರ್

ಬಹಳ ಅಚ್ಚುಕಟ್ಟಾಗಿದೆ ಸರ್. ಆದರೆ "ನಮೂದಾಗಿರುತ್ತದೆ", "ಇರುತ್ತದೆ" ಯಾಕೆ? "ಇರುತ್ತದೆ" ಅಂದರೆ ಯಾವಾಗಲೂ ಹಾಗೇ ಇರುವುದು. ಬೇಸಿಗೆಯಲ್ಲಿ ರಾಯಚೂರಿನಲ್ಲಿ ಬಿಸಿಲು ಜಾಸ್ತಿ ಇರುತ್ತದೆ. ಒಂದು ಸಲ ಆದ ತಪ್ಪಿಗೆ "ನಮೂದಾಗಿದೆ" ಅಂತ ಇರಬೇಕು.

ಸಿಂಧನೂರು_ಗೌಡ

ಮೇಡಂ, "ಇರುತ್ತದೆ" ಅಂದರೇ ಆಫೀಸಿನ ಕಳೆ ಬರುವುದು. ಅದನ್ನೂ ತೆಗೆದರೆ ಮತ್ತೆ ಕಾಗದ ಆಗುತ್ತದೆ.

ರಾಯಚೂರು_ನಿವೃತ್ತ

ಮೇಡಂ ಹೇಳಿದ್ದು ಸರಿ. ಕೈ ರೂಢಿಯಲ್ಲಿ ಬಂದುಬಿಟ್ಟಿತು. ವರ್ಷಾನುಗಟ್ಟಲೆ ಬರೆದ ಕೈ. ಎರಡೂ ಕಡೆ "ನಮೂದಾಗಿದೆ", "ಇದೆ" ಮಾಡಿಕೊಳ್ಳಿ ತಮ್ಮಾ. ಗೌಡರೇ, ಕಳೆ ಕಡಿಮೆ ಆಗುವುದಿಲ್ಲ, ನಂಬಿ.

"ಸದರಿ" ಎಲ್ಲಿದೆ ನೋಡಿ. ಮೊದಲ ಪ್ಯಾರಾದಲ್ಲಿ ಜಮೀನು ಯಾವುದು ಅಂತ ಹೇಳಿ ಆದಮೇಲೆ ಎರಡನೆಯದರಲ್ಲಿ ಬಂದಿದೆ. ಇನ್ನೂ ಹೇಳದ ವಸ್ತುವಿಗೆ ಸದರಿ ಅನ್ನಲು ಬರುವುದಿಲ್ಲ. ಗೌಡರೇ, ನಿಮ್ಮ ಕರಡಿನಲ್ಲಿ ಮೊದಲ ಸಾಲಿನಲ್ಲೇ ಸದರಿ ಬಂದಿತ್ತು.

ಸಂಡೂರು_ಸಿರಿ

"ತಮ್ಮ ವಿಶ್ವಾಸಿ" ಸರಿಯಾ? ನಮಗೆ ಶಾಲೆಯಲ್ಲಿ ಅಧಿಕಾರಿಗಳಿಗೆ ಬರೆಯುವಾಗ "ತಮ್ಮ ವಿಧೇಯ" ಅಂತ ಕಲಿಸಿದ್ದರು.

ಬಳ್ಳಾರಿ_ಟೈಪಿಂಗ್

ನಾನು "ವಿಶ್ವಾಸಿ" ಹೊಡೆಯುತ್ತೇನೆ. ಇಲ್ಲಿಯವರೆಗೆ ಯಾವ ಅರ್ಜಿಯೂ ಅದಕ್ಕೆ ವಾಪಸ್ ಬಂದಿಲ್ಲ.

ಸಿಂಧನೂರು_ಗೌಡ

ವಿಧೇಯ ಅಂತಲೇ ಇರಲಿ. ಕೇಳುವವರು ನಾವು.

ಯಲಬುರ್ಗಾ_ಟೀಚರ್

ಹಕ್ಕಿನದ್ದನ್ನು ಕೇಳಲು ವಿಧೇಯ ಯಾಕೆ ಆಗಬೇಕು? ಬರೀ "ಅರ್ಜಿದಾರರು" ಅಂತ ಬರೆದು ಸಹಿ ಹಾಕಲಿ.

ಮಾನ್ವಿ_ಅಕ್ಕ

ನಮ್ಮ ಅತ್ತೆ ಸಹಿ ಹಾಕುವುದಿಲ್ಲ, ಹೆಬ್ಬೆಟ್ಟು. ಅವರ ಅರ್ಜಿಗೆ ಏನು ಬರೆಯಬೇಕು? ನನ್ನ ಪೌತಿ ಅರ್ಜಿಯಲ್ಲೂ ಅವರ ಒಪ್ಪಿಗೆ ಬೇಕಂತೆ.

ರಾಯಚೂರು_ನಿವೃತ್ತ

ಅಕ್ಕಾ, ಎಡಗೈ ಹೆಬ್ಬೆಟ್ಟಿನ ಗುರುತು ಒತ್ತಿಸಿ, ಅದರ ಪಕ್ಕ "ಇದು ....... ಇವರ ಎಡಗೈ ಹೆಬ್ಬೆಟ್ಟಿನ ಗುರುತು" ಅಂತ ಬರೆಯಿರಿ. ಕೆಳಗೆ "ಅರ್ಜಿಯನ್ನು ಓದಿ ಹೇಳಲಾಗಿದೆ, ಕೇಳಿ ಒಪ್ಪಿದ್ದಾರೆ" ಅಂತ ಬರೆದು, ಓದಿ ಹೇಳಿದವರ ಹೆಸರು, ಸಹಿ ಇರಲಿ. ಓದಿ ಹೇಳಿದ್ದು ನಿಜವಾಗಿಯೂ ಆಗಬೇಕು, ಸುಮ್ನೆ ಬರೆಯಬೇಡಿ. ಪುಣೆಯ ಮೈದುನರ ವಿಷಯಕ್ಕೆ ಬೇರೆ ಪೋಸ್ಟ್ ಹಾಕಿ, ಅಲ್ಲಿ ನೋಡೋಣ.

ಕೊಪ್ಪಳ_ಹುಡುಗ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ದೊಡ್ಡಪ್ಪನಿಗೆ ಅರ್ಜಿ ಪೂರ್ತಿ ಓದಿ ಹೇಳಿದೆ. ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿ ಕೇಳಿದರು. "ಸದರಿ", "ಗಣಕೀಕೃತ" ಎರಡೂ ಕೇಳಿದ ಪದವೇ ಅಂದರು, ಪಂಚಾಯಿತಿಯಲ್ಲಿ ಕೇಳಿದ್ದಾರಂತೆ. "ವಯೋಸಹಜ ಅನಾರೋಗ್ಯ" ಬಂದಾಗ ಕಣ್ಣು ತೆಗೆದು "ಅದೇನದು?" ಅಂದರು. ಹೇಳಿದೆ. "ನನಗೆ ರೋಗ ಇಲ್ಲ. ಮೊಣಕಾಲು ನೋವು ಅಂತಲೇ ಬರಿ" ಅಂದರು. ಆ ಸಾಲನ್ನು "ಮೊಣಕಾಲು ನೋವಿನಿಂದ ಪದೇ ಪದೇ ಬರಲು ಆಗದ ಕಾರಣ" ಅಂತ ಮಾಡಿದೆ. ಕೊನೆಗೆ "ಅರ್ಜಿದಾರರು" ಅಂತ ಬರೆದೆ, ಅವರೇ ಸಹಿ ಹಾಕಿದರು.

ಇವತ್ತು ಎರಡು ಪ್ರತಿ ತೆಗೆದುಕೊಂಡು ಹೋದೆ. ಟಪಾಲಿನಲ್ಲಿ ತೆಗೆದುಕೊಂಡು, ನನ್ನ ಪ್ರತಿಯ ಮೇಲೆ ಸೀಲು, ದಿನಾಂಕ, ನಂಬರ್ ಹಾಕಿ ಕೊಟ್ಟರು. ಹೋದ ಸಲ ವಾಪಸ್ ಕೊಟ್ಟವರೇ ಇದ್ದರು. ವಿಷಯದ ಸಾಲು ಓದಿ, ನೇರ ಲಗತ್ತುಗಳ ಹಾಳೆಗೆ ಹೋದರು. ನಡುವೆ ಓದಲೇ ಇಲ್ಲ.

ಯಲಬುರ್ಗಾ_ಟೀಚರ್

ಮೊಣಕಾಲು ಗೆದ್ದಿತು. ದೊಡ್ಡಪ್ಪನವರಿಗೆ ನನ್ನ ನಮಸ್ಕಾರ ಹೇಳಿ.

ರಾಯಚೂರು_ನಿವೃತ್ತ

ಸೀಲು ಹಾಕಿದ ಪ್ರತಿ ಜೋಪಾನ. ಇನ್ನು ಮುಂದೆ ಏನೇ ಬರೆದರೂ ಉಲ್ಲೇಖದಲ್ಲಿ ಆ ನಂಬರ್ ಮೊದಲು ಬರಬೇಕು. ಗ್ರಾಮ ಆಡಳಿತ ಅಧಿಕಾರಿಯ ವರದಿ ಕೇಳುತ್ತಾರೆ, ಅವರನ್ನು ಊರಲ್ಲೇ ಕಂಡು ಪ್ರತಿ ತೋರಿಸಿ.

ಕೊಪ್ಪಳ_ಹುಡುಗ

ಸರ್, ಇನ್ನೊಂದು ತೊಡಕು. ಅಲ್ಲೇ 91/1ರ ಎಂ.ಆರ್. ನಕಲು ತೆಗೆಸಿದೆ. ಅದರಲ್ಲೇ ಭೀಮಪ್ಪ ಅಂತ ಇದೆ. ಅಂದರೆ ಕಂಪ್ಯೂಟರಿಗಿಂತ ಮೊದಲೇ ತಪ್ಪಾಗಿದೆ. ಇದೇ ಅರ್ಜಿಯಲ್ಲಿ ನಂಬರ್ ಬದಲಿಸಿ ಕೊಡಬಹುದಾ?

ರಾಯಚೂರು_ನಿವೃತ್ತ

ಬೇಡ. ಇದೇ ಅರ್ಜಿ ಅಲ್ಲಿ ಸುಳ್ಳಾಗುತ್ತದೆ. 84/2ರಲ್ಲಿ ನೀವು ಹೇಳಿದ್ದು "ಹಳೆಯ ದಾಖಲೆ ಸರಿ, ನಕಲು ತಪ್ಪು" ಅಂತ. 91/1ರಲ್ಲಿ ಮ್ಯುಟೇಶನ್ ಆದೇಶವೇ ಹಾಗಿದೆ. ಆದೇಶದಲ್ಲೇ ಇರುವುದನ್ನು ನಕಲಿನ ತಪ್ಪು ಅಂತ ತಿದ್ದಲು ತಹಶೀಲ್ದಾರರು ಒಪ್ಪದೇ ಇರಬಹುದು. ಆಗ ಗೌಡರು ಹೇಳಿದ 136(2) ಬರುತ್ತದೆ, ಉಪವಿಭಾಗಾಧಿಕಾರಿಗಳ ಹತ್ತಿರ. ಗಡುವು ಎಂದೋ ಮೀರಿರುತ್ತದೆ, ವಿಳಂಬ ಮನ್ನಾಕ್ಕೂ ಕೋರಬೇಕು. ಅದನ್ನು ವಕೀಲರ ಕೈಯಲ್ಲಿ ಬರೆಸಿ.

ಸಿಂಧನೂರು_ಗೌಡ

ಸರ್, ಮನೆಯಲ್ಲಿ ವಿಚಾರಿಸಿದೆ. ನಮ್ಮ ಸಂಬಂಧಿಕರ ಅರ್ಜಿ ಉಪವಿಭಾಗಾಧಿಕಾರಿಗಳಿಗೇ ಕೊಟ್ಟದ್ದಂತೆ. ತಮ್ಮಾ, ಅವರ ವಕೀಲರ ವಿವರ ನಿನಗೆ ಮೆಸೇಜ್ ಮಾಡುತ್ತೇನೆ.

ರಾಯಚೂರು_ನಿವೃತ್ತ

ಒಳ್ಳೆಯದಾಯಿತು. ಆದರೆ ವಕೀಲರ ಹತ್ತಿರ ಹೋಗುವ ಮೊದಲು ವಾಟ್ನಿಯ ವರದಿ ತೆಗೆಸಿ ತಮ್ಮಾ. ಅಣ್ಣತಮ್ಮಂದಿರು ಸಹಿ ಮಾಡಿ ಕೊಟ್ಟ ಮೂಲ ಕಾಗದ. ಅದರಲ್ಲಿ ದೊಡ್ಡಪ್ಪ ಭರಮಪ್ಪ ಅಂತ ಬರೆದುಕೊಟ್ಟಿದ್ದರೆ ತಪ್ಪು ಕಚೇರಿಯಲ್ಲಿ ಆದದ್ದು, ತಹಶೀಲ್ದಾರರ ಹತ್ತಿರವೇ ಕೇಳಿ ನೋಡಬಹುದು. ಅಲ್ಲೂ ಭೀಮಪ್ಪ ಅಂತಿದ್ದರೆ ದಾರಿ ಬೇರೆ.

ಕೊಪ್ಪಳ_ಹುಡುಗ

ಅದಕ್ಕೆ ನಕಲಿನ ಅರ್ಜಿ ಸೋಮವಾರ ಕೊಡುತ್ತೇನೆ ಸರ್. ಬರೆದು ಇಲ್ಲಿ ಹಾಕುತ್ತೇನೆ, ಒಮ್ಮೆ ನೋಡಿ.